ಮೂರು ಖಾತೆ, ಒಂದೇ ಫೋನು

ಜಿಮೇಲ್ ತೆರೆದಾಗ ಮೇಲೆ ಬಲಮೂಲೆಯಲ್ಲಿ ಒಂದು ಪುಟ್ಟ ವೃತ್ತ ಕಾಣುತ್ತದೆ. ಅದರೊಳಗೆ ನಿಮ್ಮ ಫೋಟೊ ಇರುತ್ತದೆ, ಇಲ್ಲವೇ ಹೆಸರಿನ ಮೊದಲ ಅಕ್ಷರ. ಅದನ್ನು ಮುಟ್ಟಿದರೆ ಆ ಫೋನಿಗೆ ಸೇರಿಸಿರುವ ಗೂಗಲ್ ಖಾತೆಗಳೆಲ್ಲ ಒಂದರ ಕೆಳಗೊಂದು ಬರುತ್ತವೆ. ಬೇಕಾದದ್ದನ್ನು ಒತ್ತಿದರೆ ಇನ್‌ಬಾಕ್ಸ್ ಬದಲಾಗುತ್ತದೆ, ವೃತ್ತದೊಳಗಿನ ಅಕ್ಷರವೂ ಬದಲಾಗುತ್ತದೆ. ಪರದೆಯ ಮೇಲೆ ಇಷ್ಟು ಸಲೀಸಾಗಿ ನಡೆಯುವುದರಿಂದ, ಈಗ ನಾವು ಬೇರೆ ಖಾತೆಗೆ ಹೋದೆವು, ಹಿಂದಿನದು ಮುಚ್ಚಿಕೊಂಡಿತು ಎಂದು ಹೆಚ್ಚಿನವರು ತಿಳಿಯುತ್ತಾರೆ.

ಹಿಂದಿನದು ಮುಚ್ಚಿಕೊಳ್ಳುವುದಿಲ್ಲ. ಫೋನಿಗೆ ಸೇರಿಸಿದ ಪ್ರತಿಯೊಂದು ಖಾತೆಯೂ ಹಗಲು ರಾತ್ರಿ ಚಾಲ್ತಿಯಲ್ಲೇ ಇರುತ್ತದೆ. ಪ್ರತಿಯೊಂದರ ಮೇಲ್ ಬರುತ್ತದೆ, ಪ್ರತಿಯೊಂದರ ಕ್ಯಾಲೆಂಡರ್ ನೆನಪಿಸುತ್ತದೆ, ಪ್ರತಿಯೊಂದರ ಸಂಪರ್ಕ ಸಂಖ್ಯೆಗಳು ಫೋನಿನೊಳಗೆ ಇಳಿಯುತ್ತವೆ. ವೃತ್ತವನ್ನು ಒತ್ತಿದಾಗ ಬದಲಾಗುವುದು ಒಂದೇ ಸಂಗತಿ. ತೆರೆದಿರುವ ಆ ಒಂದು ಆಪ್ ಈ ಕ್ಷಣ ಯಾರ ಹೆಸರಿನಲ್ಲಿ ಗೂಗಲ್ ಸರ್ವರ್ ಜೊತೆ ಮಾತಾಡಬೇಕು ಎನ್ನುವುದು. ಫೋನಿನೊಳಗೇ ಇರುವ ಫೋಟೊ, ಫೈಲು, ಫೋನ್‌ಬುಕ್ಕಿಗೂ ಆ ವೃತ್ತಕ್ಕೂ ಸಂಬಂಧವಿಲ್ಲ. ಅವು ಎಲ್ಲ ಖಾತೆಗಳಿಗೂ ಸಾಮಾನ್ಯ. ಮನೆಯ ಒಂದೇ ಫೋನಿನಲ್ಲಿ ನಮ್ಮದು, ಅಪ್ಪನದು, ಕಚೇರಿಯದು ಎಂದು ಎರಡು ಮೂರು ಖಾತೆ ಇಟ್ಟುಕೊಂಡವರಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇದು ತಿಳಿಯದೆ ಬಂದವು.

ಮೊದಲು ಖಾತೆ ಬದಲಾಗುವುದು ಹೇಗೆಂದು ನೋಡೋಣ. ಫೋನಿನಲ್ಲಿ ಖಾತೆ ಸೇರಿಸುವಾಗ ನಾವು ಇಮೇಲ್ ವಿಳಾಸ, ಪಾಸ್‌ವರ್ಡ್ ಕೊಡುತ್ತೇವೆ. ಗೂಗಲ್ ಅದನ್ನು ಪರಿಶೀಲಿಸಿ ಫೋನಿಗೆ ಒಂದು ಉದ್ದನೆಯ ಗುಪ್ತ ಸಂಕೇತವನ್ನು ಕಳಿಸುತ್ತದೆ. ಇದಕ್ಕೆ ಟೋಕನ್ ಎನ್ನುತ್ತಾರೆ. ಅಲ್ಲಿಂದ ಮುಂದೆ ಪಾಸ್‌ವರ್ಡಿನ ಕೆಲಸವಿಲ್ಲ. ಆಂಡ್ರಾಯ್ಡ್ ಈ ಟೋಕನನ್ನು ಭದ್ರವಾಗಿ ಇಟ್ಟುಕೊಂಡು, ಜಿಮೇಲೋ ಡ್ರೈವೋ ಕೇಳಿದಾಗ ಅದರ ಆಧಾರದ ಮೇಲೆ ಪ್ರವೇಶ ಕೊಡಿಸುತ್ತದೆ. ಮೂರು ಖಾತೆ ಇದ್ದರೆ ಮೂರು ಟೋಕನ್. ಒಬ್ಬರೇ ಮೂವರ ಬಸ್ ಪಾಸನ್ನು ಜೇಬಿನಲ್ಲಿಟ್ಟುಕೊಂಡ ಹಾಗೆ ಇದು. ಕಂಡಕ್ಟರ್ ಬಂದಾಗ ಯಾವ ಪಾಸ್ ತೋರಿಸಿದಿರೋ ಆ ಹೆಸರಿನಲ್ಲಿ ಪ್ರಯಾಣ. ಉಳಿದೆರಡು ಪಾಸುಗಳೂ ಜೇಬಿನಲ್ಲೇ ಇವೆ, ಅವಕ್ಕೂ ಅವಧಿ ಇದೆ.

ಈ ಆಯ್ಕೆಯನ್ನು ಪ್ರತಿ ಆಪ್ ತನ್ನ ಪಾಡಿಗೆ ತಾನು ನೆನಪಿಟ್ಟುಕೊಳ್ಳುತ್ತದೆ. ಜಿಮೇಲ್‌ನಲ್ಲಿ ಕಚೇರಿಯ ಖಾತೆ ಆರಿಸಿದರೆ ಗೂಗಲ್ ಫೋಟೋಸ್‌ನಲ್ಲೂ ಅದೇ ಬರುತ್ತದೆ ಎಂದೇನಿಲ್ಲ. ಅಲ್ಲಿ ಹೋದ ವಾರ ಯಾವುದನ್ನು ಬಿಟ್ಟಿದ್ದಿರೋ ಅದೇ ಇರುತ್ತದೆ. ಯೂಟ್ಯೂಬಿನಲ್ಲಿ ಮೂರನೆಯದು ಇರಬಹುದು. ಒಂದೇ ಹೊತ್ತಿನಲ್ಲಿ ಒಂದೇ ಫೋನು ಮೂರು ಆಪ್‌ಗಳಲ್ಲಿ ಮೂವರಾಗಿ ನಡೆದುಕೊಳ್ಳಬಹುದು. ಇನ್ನೊಂದು ಸಣ್ಣ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗೂಗಲ್‌ನ ಹಲವು ಆಪ್‌ಗಳಲ್ಲಿ ಆ ವೃತ್ತದ ಮೇಲೆ ಬೆರಳನ್ನು ಮೇಲಕ್ಕೋ ಕೆಳಕ್ಕೋ ಎಳೆದರೂ ಸಾಕು, ಪಟ್ಟಿ ತೆರೆಯದೆಯೇ ಖಾತೆ ಬದಲಾಗಿಬಿಡುತ್ತದೆ. ಅವಸರದಲ್ಲಿ ಹೆಬ್ಬೆರಳು ಸವರಿದರೂ ಹೀಗಾಗುತ್ತದೆ. ಆದ್ದರಿಂದ ಮುಖ್ಯವಾದ ಮೇಲ್ ಕಳಿಸುವ ಮೊದಲು ಮೇಲಿನ `From` ಸಾಲನ್ನು ಓದಿಕೊಳ್ಳಬೇಕು. ಅದನ್ನು ಮುಟ್ಟಿದರೆ ಅಲ್ಲೇ ಖಾತೆ ಬದಲಿಸಬಹುದು, ಬರೆದದ್ದೇನೂ ಅಳಿಸಿ ಹೋಗುವುದಿಲ್ಲ. ಯಾರೋ ಕಳಿಸಿದ ಡ್ರೈವ್ ಕೊಂಡಿ ತೆರೆದಾಗ ಅನುಮತಿ ಇಲ್ಲ ಎಂದು ಬಂದರೂ ಅದೇ ಕಾರಣವಿರುತ್ತದೆ. ಕಡತವನ್ನು ಅವರು ನಿಮ್ಮ ಒಂದು ವಿಳಾಸಕ್ಕೆ ತೆರೆದಿಟ್ಟಿರುತ್ತಾರೆ, ಫೋನು ಇನ್ನೊಂದರ ಹೆಸರಿನಲ್ಲಿ ಬಾಗಿಲು ಬಡಿದಿರುತ್ತದೆ. ಕಳಿಸಿದವರಿಗೆ ಫೋನ್ ಮಾಡುವ ಮೊದಲು ಖಾತೆ ಬದಲಿಸಿ ನೋಡಿ.

ಇವು ಚಿಕ್ಕ ತೊಡಕುಗಳು, ಕಂಡ ಕೂಡಲೇ ಸರಿ ಮಾಡಬಹುದು. ಕಾಣದಂತೆ ನಡೆಯುವ ಹಂಚಿಕೆಯೇ ಹೆಚ್ಚು ಕಾಡುವುದು. ಅದನ್ನು ನನ್ನ ಅಕ್ಕನ ಫೋನನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಅಕ್ಕ ಹಾಸನದ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅವಳ ಆಂಡ್ರಾಯ್ಡ್ ಫೋನಿನಲ್ಲಿ ಮೂರು ಜಿಮೇಲ್ ಖಾತೆಗಳಿದ್ದವು. ಒಂದು ಅವಳದೇ. ಇನ್ನೊಂದು ಅಪ್ಪನದು. ಅಪ್ಪ ಬಳಸುವುದು ಬಟನ್ ಫೋನು, ಅವರ ಪಿಂಚಣಿ, ಆಸ್ಪತ್ರೆಯ ರಿಪೋರ್ಟುಗಳ ಮೇಲ್ ನೋಡುವವಳು ಅಕ್ಕ. ಮೂರನೆಯದು ಶಾಲೆಯ ಹೆಸರಿನ ಜಿಮೇಲ್. ಇಲಾಖೆಯ ಪತ್ರವ್ಯವಹಾರಕ್ಕೆಂದು ಮಾಡಿದ್ದು, ಆ ಕೆಲಸ ಯಾರ ಪಾಲಿಗೆ ಬರುತ್ತದೋ ಅವರ ಕೈಗೆ ಪಾಸ್‌ವರ್ಡ್ ಬರುತ್ತದೆ. ಅಕ್ಕನಿಗೆ ವರ್ಗವಾಯಿತು. ಹೊಸಬರಿಗೆ ಪಾಸ್‌ವರ್ಡ್ ಒಪ್ಪಿಸಿ, ಇನ್ನು ನನಗೇಕೆ ಎಂದು ಸೆಟ್ಟಿಂಗ್ಸ್‌ಗೆ ಹೋಗಿ ಶಾಲೆಯ ಖಾತೆಯನ್ನು ತೆಗೆದುಹಾಕಿದಳು. ಹೊಸಬರು ಜವಾಬ್ದಾರಿಯಿಂದ ಪಾಸ್‌ವರ್ಡ್ ಬದಲಿಸಿಕೊಂಡರು. ಇಬ್ಬರದೂ ಸರಿಯಾದ ಕೆಲಸವೇ.

ಮಾರನೆಯ ದಿನ ಬೆಳಿಗ್ಗೆ ಅಕ್ಕನ ಫೋನು. "ನೋಡೋ, ನಂಬರೆಲ್ಲ ಹೋಗ್ಬಿಟ್ಟಿವೆ. ವಾಟ್ಸ್‌ಆಪಲ್ಲಿ ಯಾರ ಹೆಸ್ರೂ ಬರ್ತಿಲ್ಲ, ಬರೀ ನಂಬರೇ ಕಾಣ್ತಿದೆ."

ಎಲ್ಲ ಹೋಗಿರಲಿಲ್ಲ. ಹಳೆಯ ಕೆಲವು ಹೆಸರುಗಳು ಉಳಿದಿದ್ದವು. ಹೋದದ್ದು ಕಳೆದ ಕೆಲವು ವರ್ಷಗಳಲ್ಲಿ ಸೇವ್ ಮಾಡಿದ ಸಂಖ್ಯೆಗಳು. ಮಕ್ಕಳ ತಂದೆತಾಯಿಯರದು, ಸಹೋದ್ಯೋಗಿಗಳದು, ಜೊತೆಗೆ ಮನೆಯ ಗ್ಯಾಸಿನವರದು, ಅಪ್ಪನ ಡಾಕ್ಟರದು, ನಮ್ಮ ಚಿಕ್ಕಮ್ಮನ ಹೊಸ ನಂಬರು ಕೂಡ.

ಆಂಡ್ರಾಯ್ಡ್ ಫೋನಿನಲ್ಲಿ ಒಂದು ಹೆಸರು ಸೇವ್ ಮಾಡಿದರೆ ಅದು ಫೋನಿನಲ್ಲಿ ಸುಮ್ಮನೆ ಕೂರುವುದಿಲ್ಲ, ಯಾವುದಾದರೂ ಒಂದು ಖಾತೆಗೆ ಸೇರುತ್ತದೆ. ಪ್ರತಿ ಸಂಖ್ಯೆಯ ಜೊತೆಗೂ ಅದು ಯಾವ ಖಾತೆಯದು ಎಂಬ ಗುರುತು ಒಳಗೆ ದಾಖಲಾಗಿರುತ್ತದೆ. ಸಿಮ್‌ಗೆ ಅಥವಾ ಫೋನಿಗೆ ಮಾತ್ರ ಸೇರಿಸುವ ಆಯ್ಕೆಯೂ ಇರುತ್ತದೆ, ಆದರೆ ಗೂಗಲ್ ಖಾತೆ ಇದ್ದಲ್ಲಿ ಸಾಮಾನ್ಯವಾಗಿ ಅದೇ ಮೊದಲು ಬರುತ್ತದೆ. ಫೋನ್‌ಬುಕ್ ತೋರಿಸುವಾಗ ಮಾತ್ರ ಮೂರೂ ಖಾತೆಗಳವನ್ನು ಬೆರೆಸಿ ಒಂದೇ ಪಟ್ಟಿ ಮಾಡುತ್ತದೆ. ಅದೇ ವ್ಯಕ್ತಿ ಎರಡು ಖಾತೆಗಳಲ್ಲಿ ಇದ್ದರೆ ಎರಡನ್ನೂ ಒಂದೇ ಹೆಸರಾಗಿ ಜೋಡಿಸಿಬಿಡುತ್ತದೆ. ನೋಡುವವರಿಗೆ ಅದು ಒಂದೇ ಪುಸ್ತಕ. ಒಳಗೆ ಮೂರು ಪುಸ್ತಕ.

ಅಕ್ಕ ಎಂದೋ ಶಾಲೆಯ ಖಾತೆ ಸೇರಿಸಿದ ದಿನಗಳಲ್ಲಿ, ಹೊಸ ಹೆಸರು ಸೇವ್ ಮಾಡುವಾಗ ಯಾವ ಖಾತೆಗೆ ಎಂದು ಫೋನು ಕೇಳಿರಬೇಕು. ಅವಳು ಶಾಲೆಯದನ್ನು ಒತ್ತಿದ್ದಾಳೆ. ಬಳಿಕ ಅದೇ ಮಾಮೂಲು ಆಯ್ಕೆಯಾಗಿ ನಿಂತಿದೆ. ಆಮೇಲೆ ಸೇರಿಸಿದ್ದೆಲ್ಲ ಶಾಲೆಯ ಖಾತೆಗೆ ಹೋಗಿದೆ. ಖಾತೆಯನ್ನು ತೆಗೆದಾಗ ಫೋನು ಆ ಖಾತೆಯ ಗುರುತಿರುವ ಹೆಸರುಗಳನ್ನೆಲ್ಲ ತನ್ನೊಳಗಿಂದ ಅಳಿಸಿತು. ಗೂಗಲ್ ಸರ್ವರಿನಲ್ಲಿ ಅವು ಒಂದೂ ಬಿಡದೆ ಹಾಗೆಯೇ ಇದ್ದವು. ಖಾತೆಯನ್ನು ಮತ್ತೆ ಸೇರಿಸಿದರೆ ತಾವಾಗಿಯೇ ವಾಪಸು ಬರುತ್ತಿದ್ದವು. ಆದರೆ ಪಾಸ್‌ವರ್ಡ್ ಈಗ ಬೇರೆಯವರ ಕೈಯಲ್ಲಿ.

ನಂಬರು ಕಳೆದುಹೋದ ಗಾಬರಿಯಲ್ಲಿ ಅಕ್ಕನಿಗೆ ಇನ್ನೊಂದು ಮಗ್ಗುಲು ಹೊಳೆದಿರಲಿಲ್ಲ, ನನ್ನನ್ನು ಕಾಡಿದ್ದು ಅದೇ. ಅವಳ ಕೈಯಿಂದ ಜಾರಿದ ಅಷ್ಟೂ ಸಂಖ್ಯೆಗಳು ಆ ಶಾಲೆಯ ಖಾತೆ ತೆರೆಯುವ ಯಾರಿಗಾದರೂ ಕಾಣುತ್ತವೆ. ಚಿಕ್ಕಮ್ಮನ ನಂಬರೂ, ಅಪ್ಪನ ಡಾಕ್ಟರ ನಂಬರೂ. ಹೊಸಬರು ತಮ್ಮ ಫೋನಿಗೆ ಆ ಖಾತೆ ಸೇರಿಸಿದ ಮರುಕ್ಷಣ ನಮ್ಮ ಬಂಧುಬಳಗದ ಹೆಸರುಗಳು ಅವರ ಫೋನ್‌ಬುಕ್ಕಿನಲ್ಲಿ ಬೆರೆತುಹೋಗಿರುತ್ತವೆ.

ಸರಿಪಡಿಸಿದ್ದು ಹೀಗೆ. ಅಕ್ಕ ಹೊಸ ಮೇಡಂ ಜೊತೆ ಮಾತಾಡಿ ಶಾಲೆಗೆ ಹೋದಳು. ಶಾಲೆಯ ಕಂಪ್ಯೂಟರಿನಲ್ಲಿ ಆ ಖಾತೆಯಿಂದಲೇ `contacts.google.com` ತೆರೆದರು. ಅಲ್ಲಿಂದ `Export` ಒತ್ತಿ ಎಲ್ಲ ಸಂಖ್ಯೆಗಳ ಒಂದು ಫೈಲು ಇಳಿಸಿಕೊಂಡು, ಅಕ್ಕ ತನ್ನ ಸ್ವಂತ ಖಾತೆಯಲ್ಲಿ ಅದೇ ಪುಟ ತೆರೆದು `Import` ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ಹೆಸರುಗಳು ಫೋನಿಗೆ ಇಳಿದವು, ವಾಟ್ಸ್‌ಆಪಿನಲ್ಲೂ ಒಂದೊಂದಾಗಿ ಕಾಣಿಸಿಕೊಂಡವು. ಆಮೇಲೆ ಶಾಲೆಯ ಖಾತೆಗೆ ಮರಳಿ, ಮನೆಗೆ ಸಂಬಂಧಿಸಿದ ಹೆಸರುಗಳನ್ನು ಆರಿಸಿ ಅಳಿಸಿದಳು. ಅಳಿಸಿದವು ಅಲ್ಲಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತವೆ, ಅದನ್ನೂ ಖಾಲಿ ಮಾಡಿದಳು. ಮಕ್ಕಳ ಪೋಷಕರ ಸಂಖ್ಯೆಗಳು ಶಾಲೆಗೆ ಬೇಕಾದವು, ಅವನ್ನು ಅಲ್ಲೇ ಬಿಟ್ಟಳು.

ಖಾತೆ ತೆಗೆಯುವ ಮೊದಲೇ ಇದನ್ನು ಪತ್ತೆಹಚ್ಚುವುದು ಸುಲಭ. ಗೂಗಲ್‌ನ ಕಾಂಟ್ಯಾಕ್ಟ್ಸ್ ಆಪ್ ತೆರೆದು ವೃತ್ತವನ್ನು ಒತ್ತಿ ಒಂದೊಂದೇ ಖಾತೆಯನ್ನು ಆರಿಸಿದರೆ, ಯಾವ ಹೆಸರು ಯಾವ ಖಾತೆಯಲ್ಲಿದೆ ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ತಪ್ಪಿದ ಜಾಗದಲ್ಲಿರುವ ಹೆಸರನ್ನು ತೆರೆದು, ಮೂರು ಚುಕ್ಕಿ ಒತ್ತಿದರೆ `Move to another account` ಎಂಬ ಆಯ್ಕೆ ಸಿಗುತ್ತದೆ. ಅದೇ ಆಪಿನ ಸೆಟ್ಟಿಂಗ್ಸ್‌ನಲ್ಲಿ ಹೊಸ ಹೆಸರುಗಳು ಯಾವ ಖಾತೆಗೆ ಸೇರಬೇಕು ಎಂದು ಒಮ್ಮೆ ಗೊತ್ತುಮಾಡಿಬಿಟ್ಟರೆ ಮುಂದೆ ಈ ಬೆರಕೆ ಆಗುವುದಿಲ್ಲ.

ಶಾಲೆಯಲ್ಲಿ ಕುಳಿತಿದ್ದಾಗಲೇ ನಾನು ಅಕ್ಕನಿಗೆ ಫೋಟೊಗಳನ್ನೂ ನೋಡಿಬಿಡು ಎಂದೆ. `photos.google.com` ತೆರೆದರೆ ಶಾಲಾ ವಾರ್ಷಿಕೋತ್ಸವದ ಫೋಟೊಗಳು ಬಂದವು. ಅವುಗಳ ಹಿಂದೆಯೇ ನಮ್ಮ ಮನೆಯ ಗೃಹಪ್ರವೇಶ, ಅಪ್ಪನ ಸ್ಕ್ಯಾನಿಂಗ್ ರಿಪೋರ್ಟಿನ ಫೋಟೊ, ಆಧಾರ್ ಕಾರ್ಡಿನ ಎರಡೂ ಮಗ್ಗುಲು.

ಫೋಟೊಗಳ ಲೆಕ್ಕ ಸಂಪರ್ಕ ಸಂಖ್ಯೆಗಳಿಗಿಂತ ಬೇರೆ. ಕ್ಯಾಮೆರಾದಿಂದ ತೆಗೆದ ಫೋಟೊ ಯಾವ ಖಾತೆಯದೂ ಅಲ್ಲ. ಅದು ಫೋನಿನ ಮೆಮೊರಿಯಲ್ಲಿ ಒಂದು ಫೈಲು, ಅಷ್ಟೆ. ಗೂಗಲ್ ಫೋಟೋಸ್‌ನಲ್ಲಿ ಯಾವ ಖಾತೆಯನ್ನು ಆರಿಸಿದರೂ ಫೋನಿನೊಳಗಿನ ಆ ಫೋಟೊಗಳು ಪರದೆಯ ಮೇಲೆ ಕಾಣುತ್ತವೆ. ಹಾಗಾಗಿ ನೋಡುವವರಿಗೆ ವ್ಯತ್ಯಾಸವೇ ತಿಳಿಯದು. ವ್ಯತ್ಯಾಸವಿರುವುದು ಬ್ಯಾಕಪ್‌ನಲ್ಲಿ. ಬ್ಯಾಕಪ್ ಒಂದು ಹೊತ್ತಿಗೆ ಒಂದೇ ಖಾತೆಗೆ ಆಗುತ್ತದೆ, ಮತ್ತು ಆ ಖಾತೆ ಯಾವುದೆಂದು ಒಮ್ಮೆ ಗೊತ್ತುಮಾಡಿದರೆ ನೀವಾಗಿ ಬದಲಿಸುವ ತನಕ ಅದೇ ಇರುತ್ತದೆ. ಪರದೆಯಲ್ಲಿ ಬೇರೆ ಖಾತೆ ನೋಡುತ್ತಿದ್ದರೂ ಫೋಟೊಗಳು ಏರುವುದು ಅದೇ ಖಾತೆಗೆ. ಅಕ್ಕ ವಾರ್ಷಿಕೋತ್ಸವದ ಫೋಟೊಗಳನ್ನು ಶಾಲೆಯ ಖಾತೆಗೆ ಹಾಕೋಣವೆಂದು ಬ್ಯಾಕಪ್ ಆನ್ ಮಾಡಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಬದಲಿಸಲಿಲ್ಲ. ಅಂದಿನಿಂದ ಕ್ಯಾಮೆರಾ ಕಂಡದ್ದೆಲ್ಲ ಶಾಲೆಯ ಖಾತೆಗೆ ಏರಿದೆ.

ಇಲ್ಲಿ ಅಳಿಸುವಾಗ ಎಚ್ಚರ ಬೇಕು. ಖಾತೆ ಫೋನಿನಲ್ಲಿ ಇನ್ನೂ ಇದ್ದು, ಬ್ಯಾಕಪ್ ಆದ ಫೋಟೊವನ್ನು ಫೋಟೋಸ್ ಆಪಿನಲ್ಲಿ ಅಳಿಸಿದರೆ ಅದು ಆ ಖಾತೆಯಿಂದಲೂ ಹೋಗುತ್ತದೆ, ಫೋನಿನಿಂದಲೂ ಹೋಗುತ್ತದೆ. ಅಕ್ಕ ಖಾತೆಯನ್ನು ಫೋನಿನಿಂದ ಮೊದಲೇ ತೆಗೆದಿದ್ದಳು. ಹಾಗಾಗಿ ಕಂಪ್ಯೂಟರಿನಲ್ಲಿ ಶಾಲೆಯ ಖಾತೆಯಿಂದ ಅಳಿಸಿದಾಗ ಫೋನಿನ ಪ್ರತಿಗಳಿಗೆ ಏನೂ ಆಗಲಿಲ್ಲ. ಆದರೆ ಜಾಗ ಸಾಲದೆಂದು ಹಿಂದೆ ಒಮ್ಮೆ ಅವಳು `Free up space` ಒತ್ತಿದ್ದಳು. ಆ ಆಯ್ಕೆ ಬ್ಯಾಕಪ್ ಆದವುಗಳನ್ನು ಫೋನಿನಿಂದ ತೆಗೆದು ಸರ್ವರಿನಲ್ಲಿ ಮಾತ್ರ ಉಳಿಸುತ್ತದೆ. ಹಾಗೆ ಹೋದ ಫೋಟೊಗಳ ಪ್ರತಿ ಇದ್ದದ್ದು ಶಾಲೆಯ ಖಾತೆಯಲ್ಲಿ ಮಾತ್ರ. ಅವನ್ನು ಮೊದಲು ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡು, ಆಮೇಲೆ ಅಳಿಸಬೇಕಾಯಿತು. ಅಳಿಸಿದ ಮೇಲೂ ಬ್ಯಾಕಪ್ ಆಗಿದ್ದ ಫೋಟೊಗಳು ಟ್ರ್ಯಾಶ್‌ನಲ್ಲಿ 60 ದಿನ ಇರುತ್ತವೆ. ಆಧಾರ್ ಕಾರ್ಡು ಅಲ್ಲಿ ಎರಡು ತಿಂಗಳು ಬಿದ್ದಿರುವುದು ಬೇಡವೆಂದು ಟ್ರ್ಯಾಶನ್ನೂ ಖಾಲಿ ಮಾಡಿದೆವು.

ಖಾತೆಯ ಜಾಗದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೂಗಲ್ ಪ್ರತಿ ಖಾತೆಗೆ ಉಚಿತವಾಗಿ ಕೊಡುವುದು 15 ಜಿಬಿ. ಮೇಲ್, ಡ್ರೈವ್, ಫೋಟೋಸ್ ಮೂರೂ ಅದರಲ್ಲೇ ಹಂಚಿಕೊಳ್ಳಬೇಕು. 2021ರ ಜೂನ್ 1ಕ್ಕೆ ಮೊದಲು ಏರಿಸಿದ ಸಾಧಾರಣ ಗುಣಮಟ್ಟದ ಫೋಟೊಗಳಿಗೆ ಮಾತ್ರ ಲೆಕ್ಕವಿಲ್ಲ. ಆದ್ದರಿಂದ ತಪ್ಪು ಖಾತೆಗೆ ಫೋಟೊ ಏರುತ್ತಿದ್ದರೆ ಅದರ ಮೇಲ್ ಪೆಟ್ಟಿಗೆಯೂ ತುಂಬುತ್ತದೆ, ತುಂಬಿದ ಮೇಲೆ ಬರಬೇಕಾದ ಮೇಲ್ ಬರುವುದು ನಿಲ್ಲುತ್ತದೆ. ಹೆಚ್ಚು ಮೇಲ್ ಬಾರದ ಒಂದು ಖಾತೆ ಏಕಾಏಕಿ ಜಾಗವಿಲ್ಲ ಎಂದು ಎಚ್ಚರಿಸಿದರೆ, ಫೋಟೊ ಬ್ಯಾಕಪ್ ಅಲ್ಲಿಗೆ ಹರಿಯುತ್ತಿದೆಯೇ ಎಂದು ಮೊದಲು ನೋಡಬೇಕು.

ಇಷ್ಟೂ ಗೂಗಲ್‌ನ ಸ್ವಂತ ಆಪ್‌ಗಳ ಮಾತು. ಹೊರಗಿನ ಆಪ್‌ಗಳಿಗೆ ಬಂದರೆ ಖಾತೆಗಳ ನಡುವೆ ಇರುವ ತೆಳುವಾದ ಗೆರೆಯೂ ಅಳಿಸಿಹೋಗುತ್ತದೆ. ಒಂದು ಆಪ್ ನಿಮ್ಮ ಕಾಂಟ್ಯಾಕ್ಟ್ಸ್ ಓದಲು ಅನುಮತಿ ಕೇಳುತ್ತದೆ ಎಂದುಕೊಳ್ಳಿ. ನೀವು `Allow` ಒತ್ತುತ್ತೀರಿ. ಆ ಅನುಮತಿ ಫೋನ್‌ಬುಕ್ ಪೂರ್ತಿಗೆ. ನನ್ನ ಖಾತೆಯದನ್ನು ಓದು, ಅಪ್ಪನ ಖಾತೆಯದನ್ನು ಬಿಡು ಎನ್ನಲು ಅಲ್ಲಿ ದಾರಿಯಿಲ್ಲ. ಅಕ್ಕನ ಫೋನಿನಲ್ಲಿ ಯಾವುದೋ ಆಪಿಗೆ ಕೊಟ್ಟ ಒಂದು ಒಪ್ಪಿಗೆಯಿಂದ ಅವಳ ಗೆಳತಿಯರು, ಅಪ್ಪನ ಹಳೆಯ ಸಹೋದ್ಯೋಗಿಗಳು, ಶಾಲೆಯ ಮಕ್ಕಳ ತಂದೆತಾಯಿಯರು ಎಲ್ಲರ ಸಂಖ್ಯೆಯೂ ಒಟ್ಟಿಗೆ ಹೋಗುತ್ತದೆ. ಕ್ಯಾಲೆಂಡರಿನ ಅನುಮತಿಯೂ ಹೀಗೆಯೇ. ಸಾಲ ಕೊಡುವ ಆಪ್‌ಗಳು ಸಾಲಗಾರರ ಫೋನ್‌ಬುಕ್ ಎತ್ತಿಕೊಂಡು, ಅದರಲ್ಲಿರುವವರಿಗೆಲ್ಲ ಕರೆ ಮಾಡಿ ಮಾನ ಹರಾಜು ಹಾಕಿದ ಪ್ರಕರಣಗಳನ್ನು ನಾವೆಲ್ಲ ಓದಿದ್ದೇವೆ. ವೈಯಕ್ತಿಕ ಸಾಲದ ಆಪ್‌ಗಳು ಕಾಂಟ್ಯಾಕ್ಟ್ಸ್ ಮತ್ತು ಫೋಟೊಗಳನ್ನು ಓದಬಾರದು ಎಂದು ಪ್ಲೇ ಸ್ಟೋರ್ 2023ರ ಮೇ 31ರಿಂದ ನಿಯಮ ಮಾಡಿತು. ಪ್ಲೇ ಸ್ಟೋರಿನ ಹೊರಗೆ, ವಾಟ್ಸ್‌ಆಪಿನಲ್ಲಿ ಬಂದ ಎಪಿಕೆ ಫೈಲಿನಿಂದ ಹಾಕಿಕೊಂಡ ಆಪಿಗೆ ಆ ನಿಯಮ ಅನ್ವಯಿಸದು. ಇನ್ನೊಬ್ಬರ ಖಾತೆಯನ್ನು ನಿಮ್ಮ ಫೋನಿನಲ್ಲಿ ಇಟ್ಟುಕೊಂಡಿದ್ದರೆ, ಇಂಥ ಒಪ್ಪಿಗೆ ಕೊಡುವಾಗ ಅವರ ಪರವಾಗಿಯೂ ನೀವೇ ಸಹಿ ಹಾಕುತ್ತಿರುತ್ತೀರಿ.

ಜಾಹೀರಾತಿನ ವಿಷಯವೂ ಇದೇ ತರಹ. ಆಂಡ್ರಾಯ್ಡ್ ಫೋನಿಗೆ ಒಂದು ಜಾಹೀರಾತು ಗುರುತಿನ ಸಂಖ್ಯೆ ಇರುತ್ತದೆ. ಅದು ಖಾತೆಗೊಂದಲ್ಲ, ಫೋನಿಗೊಂದು. ಅಪ್ಪನ ಮೊಣಕಾಲು ನೋವಿನ ಔಷಧಿಯನ್ನು ಒಂದು ಆಪಿನಲ್ಲಿ ಹುಡುಕಿದ್ದು, ಮಗಳು ತನ್ನ ಖಾತೆಯಿಂದ ಬಳಸುವ ಇನ್ನೊಂದು ಆಪಿನಲ್ಲಿ ಜಾಹೀರಾತಾಗಿ ಎದುರಾಗುವುದಕ್ಕೆ ಇದೊಂದು ಕಾರಣ. ಆಂಡ್ರಾಯ್ಡ್ 12ರಿಂದ ಈಚೆಗೆ ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ಜಾಹೀರಾತಿನ ಪುಟಕ್ಕೆ ಹೋಗಿ `Delete advertising ID` ಒತ್ತಿ ಇದನ್ನು ಅಳಿಸಿಹಾಕಬಹುದು. ನಾನು ನನ್ನದರಲ್ಲಿ ಅಳಿಸಿದ್ದೇನೆ, ಯಾವ ಆಪೂ ನಿಂತಿಲ್ಲ.

ವಾಟ್ಸ್‌ಆಪಿನ ಕತೆ ಸ್ವಲ್ಪ ಬೇರೆ. ಅದರ ಖಾತೆ ಇರುವುದು ಮೊಬೈಲ್ ಸಂಖ್ಯೆಯ ಮೇಲೆ. 2023ರ ಅಕ್ಟೋಬರಿನಿಂದ ಆಂಡ್ರಾಯ್ಡಿನಲ್ಲಿ ಒಂದೇ ವಾಟ್ಸ್‌ಆಪಿನೊಳಗೆ ಎರಡು ಸಂಖ್ಯೆಗಳನ್ನು ಇಡುವ ಸೌಲಭ್ಯ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಪಕ್ಕದ ಬಾಣ ಒತ್ತಿ, `Add account` ಎಂದು ಕೊಟ್ಟು, ಎರಡನೆಯ ಸಂಖ್ಯೆಗೆ ಬರುವ ಒಟಿಪಿ ಹಾಕಿದರೆ ಆಯಿತು. ಎರಡೂ ಖಾತೆಗಳ ಚಾಟ್, ನೋಟಿಫಿಕೇಶನ್, ಕೊನೆಯ ಬಾರಿ ಕಂಡ ಸಮಯವನ್ನು ಯಾರಿಗೆ ತೋರಿಸಬೇಕು ಎನ್ನುವ ಆಯ್ಕೆ ಎಲ್ಲ ಬೇರೆ ಬೇರೆ. ಆದರೆ ಎರಡೂ ಓದುವುದು ಒಂದೇ ಫೋನ್‌ಬುಕ್ಕನ್ನು. ವ್ಯಾಪಾರಕ್ಕೆಂದು ಸೇವ್ ಮಾಡಿದ ಗಿರಾಕಿಯ ಸಂಖ್ಯೆ ಮನೆಯ ಖಾತೆಯ ಪಟ್ಟಿಯಲ್ಲೂ ಕಾಣುತ್ತದೆ. ಮನೆಯ ಖಾತೆಯ ಸ್ಟೇಟಸ್ಸನ್ನು ಎಲ್ಲ ಕಾಂಟ್ಯಾಕ್ಟ್‌ಗಳಿಗೂ ತೋರಿಸು ಎಂದು ಬಿಟ್ಟಿದ್ದರೆ, ನಿಮ್ಮ ಆ ಸಂಖ್ಯೆಯನ್ನು ಸೇವ್ ಮಾಡಿಕೊಂಡಿರುವ ಗಿರಾಕಿಯೂ ಮಗುವಿನ ನಾಮಕರಣ ನೋಡುತ್ತಾನೆ.

ವಾಟ್ಸ್‌ಆಪಿನಲ್ಲಿ ಗೂಗಲ್ ಖಾತೆ ಬರುವುದು ಒಂದೇ ಕಡೆ, ಬ್ಯಾಕಪ್‌ನಲ್ಲಿ. ಜನ ಹೆಚ್ಚು ಪೆಟ್ಟು ತಿನ್ನುವ ಜಾಗವೂ ಅದೇ. ಚಾಟ್‌ಗಳ ಬ್ಯಾಕಪ್ ಹೋಗುವುದು ಫೋನಿನಲ್ಲಿರುವ ಯಾವುದಾದರೂ ಒಂದು ಗೂಗಲ್ ಖಾತೆಗೆ. ಮೂರು ಖಾತೆ ಇದ್ದರೆ, ಎಂದೋ ಒಂದು ದಿನ ಕೈಗೆ ಬಂದದ್ದನ್ನು ಒತ್ತಿರುತ್ತೀರಿ. ಹೊಸ ಫೋನು ಕೊಂಡಾಗ ಅದಕ್ಕೆ ನಿಮ್ಮ ಮುಖ್ಯ ಜಿಮೇಲ್ ಮಾತ್ರ ಹಾಕುತ್ತೀರಿ, ವಾಟ್ಸ್‌ಆಪ್ ಹಾಕಿಕೊಳ್ಳುತ್ತೀರಿ, ಅದು ಬ್ಯಾಕಪ್ ಸಿಗಲಿಲ್ಲ ಎನ್ನುತ್ತದೆ. ವರ್ಷಗಟ್ಟಲೆಯ ಮಾತುಕತೆ ಹೋಯಿತೆಂದು ಎಷ್ಟೋ ಜನ ಅಲ್ಲಿಗೇ ಕೈಬಿಟ್ಟು ಮುಂದುವರಿಯುತ್ತಾರೆ. ಚಾಟ್ ವಾಪಸು ಬರಬೇಕಾದರೆ ಅದೇ ಮೊಬೈಲ್ ಸಂಖ್ಯೆ ಬೇಕು, ಬ್ಯಾಕಪ್ ಹೋಗಿದ್ದ ಅದೇ ಗೂಗಲ್ ಖಾತೆಯೂ ಹೊಸ ಫೋನಿನಲ್ಲಿ ಇರಬೇಕು. ಹಳೆಯ ಫೋನು ಕೈಯಲ್ಲಿರುವಾಗಲೇ ವಾಟ್ಸ್‌ಆಪ್ ಸೆಟ್ಟಿಂಗ್ಸ್‌ನಲ್ಲಿ `Chats`, ಅದರೊಳಗೆ `Chat backup` ತೆರೆದರೆ ಯಾವ ಖಾತೆ, ಕೊನೆಯ ಬ್ಯಾಕಪ್ ಎಂದು ಆಯಿತು ಎರಡೂ ಕಾಣುತ್ತದೆ. ಅಕ್ಕನದನ್ನು ತೆರೆದು ನೋಡಿದಾಗ ಅದು ಅಪ್ಪನ ಖಾತೆಗೆ ಹೋಗುತ್ತಿತ್ತು.

ಹಾಗಾದರೆ ಒಂದೇ ಫೋನಿನಲ್ಲಿ ನಿಜಕ್ಕೂ ಬೇರೆ ಬೇರೆಯಾಗಿ ಇರಲು ಆಗುವುದೇ ಇಲ್ಲವೇ? ಆಗುತ್ತದೆ, ಆದರೆ ಖಾತೆ ಬದಲಿಸುವ ವೃತ್ತದಿಂದ ಅಲ್ಲ. ಆಂಡ್ರಾಯ್ಡಿನಲ್ಲಿ ಎರಡನೆಯ ಬಳಕೆದಾರ ಎಂಬ ವ್ಯವಸ್ಥೆ ಇದೆ. 2014ರ ಆಂಡ್ರಾಯ್ಡ್ 5ರಿಂದ ಫೋನುಗಳಿಗೂ ಅದು ಬಂತು. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ `Multiple users` ಅಥವಾ `Users` ಎಂದಿರುತ್ತದೆ. ಹೀಗೆ ಮಾಡಿದ ಎರಡನೆಯ ಬಳಕೆದಾರರಿಗೆ ತಮ್ಮದೇ ಆಪ್‌ಗಳು, ತಮ್ಮದೇ ಫೋನ್‌ಬುಕ್, ತಮ್ಮದೇ ಫೋಟೊಗಳು, ಬೇರೆಯದೇ ಸ್ಕ್ರೀನ್ ಲಾಕ್. ಅಲ್ಲಿ ಒಂದು ಆಪಿಗೆ ಕೊಟ್ಟ ಅನುಮತಿ ಈ ಕಡೆಯ ಹೆಸರುಗಳನ್ನು ಮುಟ್ಟಲಾರದು. ಎಲ್ಲ ಕಂಪನಿಗಳೂ ಇದನ್ನು ಕೊಡುವುದಿಲ್ಲ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇದರ ಬದಲು ಸೆಕ್ಯೂರ್ ಫೋಲ್ಡರ್ ಇದೆ. ಶಿಯೋಮಿಯ ಹಲವು ಫೋನುಗಳಲ್ಲಿ ಸೆಕೆಂಡ್ ಸ್ಪೇಸ್ ಇದೆ. 2024ರ ಆಂಡ್ರಾಯ್ಡ್ 15ರಲ್ಲಿ ಬಂದ ಪ್ರೈವೇಟ್ ಸ್ಪೇಸ್‌ಗೆ ಬೇರೆಯದೇ ಗೂಗಲ್ ಖಾತೆ ಹಾಕಿ, ಬೇರೆ ಬೀಗ ಹಾಕಬಹುದು. ಇವೆಲ್ಲ ಜಾಗ ತಿನ್ನುತ್ತವೆ, ಏಕೆಂದರೆ ಪ್ರತಿ ಆಪಿನ ಮಾಹಿತಿಯೂ ಎರಡೆರಡು ಕಡೆ ಕೂರುತ್ತದೆ. ಅಪ್ಪನ ಮೇಲ್ ಒಮ್ಮೊಮ್ಮೆ ನೋಡುವ ಅಕ್ಕನಿಗೆ ಇದು ಬೇಕಿಲ್ಲ. ಗಿರಾಕಿಗಳ, ರೋಗಿಗಳ, ಕಕ್ಷಿದಾರರ ಮಾಹಿತಿ ಇಟ್ಟುಕೊಳ್ಳುವವರಿಗೆ ಬೇಕು ಎಂದೇ ನನ್ನ ಅಭಿಪ್ರಾಯ.

ಖಾಸಗಿ ಕಂಪನಿಗಳು ಕೊಡುವ ಕಚೇರಿ ಖಾತೆಯದು ಇನ್ನೊಂದು ಬಗೆ. ಅದನ್ನು ಫೋನಿಗೆ ಸೇರಿಸುವಾಗ ಕಂಪನಿಯ ನಿಯಮಗಳಿಗೆ ಒಪ್ಪಿಗೆ ಕೇಳುವ ಪರದೆ ಬಂದರೆ ಓದದೆ ಮುಂದೆ ಹೋಗಬೇಡಿ. ಫೋನಿನ ಮೇಲೆ ಕಂಪನಿಗೆ ಎಷ್ಟು ಅಧಿಕಾರ ಸಿಗುತ್ತದೆ ಎನ್ನುವುದು ಅಲ್ಲೇ ಇರುತ್ತದೆ, ಕೆಲವೊಮ್ಮೆ ದೂರದಿಂದಲೇ ಫೋನು ಪೂರ್ತಿ ಅಳಿಸುವ ಅಧಿಕಾರವೂ ಸೇರಿರುತ್ತದೆ. ಕಚೇರಿ ಆಪ್‌ಗಳ ಮೇಲೆ ಸಣ್ಣ ಬ್ರೀಫ್‌ಕೇಸ್ ಚಿಹ್ನೆ ಕಂಡರೆ ಅದು ವರ್ಕ್ ಪ್ರೊಫೈಲ್. ಆಗ ನಿಮ್ಮ ಖಾಸಗಿ ಫೋಟೊ, ಆಪ್‌ಗಳು ಅದರ ಆಚೆ ಇರುತ್ತವೆ, ಕಂಪನಿ ಅಳಿಸಿದರೂ ಹೋಗುವುದು ಆ ಭಾಗ ಮಾತ್ರ.

ಹಳೆಯ ಫೋನನ್ನು ಮಾರುವಾಗ, ಇಲ್ಲವೇ ಮನೆಯಲ್ಲೇ ಇನ್ನೊಬ್ಬರಿಗೆ ಕೊಡುವಾಗ ಈ ಖಾತೆಗಳೆಲ್ಲ ಕೊನೆಯ ಸಲ ಎದುರಿಗೆ ಬರುತ್ತವೆ. ಆಂಡ್ರಾಯ್ಡ್ 5.1ರಿಂದ ಈಚಿನ ಫೋನುಗಳಿಗೆ ಕಳ್ಳತನ ತಡೆಯುವ ಒಂದು ಕಾವಲಿದೆ. ಖಾತೆ ತೆಗೆಯದೆ, ಬಟನ್‌ಗಳನ್ನು ಒತ್ತಿಹಿಡಿದು ಫೋನನ್ನು ರೀಸೆಟ್ ಮಾಡಿದರೆ, ಮತ್ತೆ ಶುರುವಾಗುವಾಗ ಮೊದಲು ಅದರಲ್ಲಿದ್ದ ಗೂಗಲ್ ಖಾತೆಯೊಂದರ ಪಾಸ್‌ವರ್ಡ್ ಕೇಳುತ್ತದೆ. ಕೊಂಡವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಮೂರು ಖಾತೆ ಇದ್ದ ಫೋನಿನಲ್ಲಿ ಎರಡನ್ನು ತೆಗೆದು ಅಪ್ಪನದನ್ನು ಮರೆತರೂ ಇದೇ ಆಗುತ್ತದೆ. ಹಾಗಾಗಿ ಮೊದಲು ವಾಟ್ಸ್‌ಆಪ್ ಬ್ಯಾಕಪ್ ಯಾವ ಖಾತೆಗೆಂದು ನೋಡಿ ಒಮ್ಮೆ ಹೊಸದಾಗಿ ಬ್ಯಾಕಪ್ ಮಾಡಿ. ಸಂಪರ್ಕ ಸಂಖ್ಯೆಗಳು, ಫೋಟೊಗಳು ಸರಿಯಾದ ಖಾತೆಯಲ್ಲಿವೆಯೇ ನೋಡಿ. ಸೆಟ್ಟಿಂಗ್ಸ್‌ನ ಖಾತೆಗಳ ಪುಟದಲ್ಲಿ ಒಂದೊಂದನ್ನೇ ತೆರೆದು `Remove account` ಒತ್ತಿ, ಪುಟ ಖಾಲಿಯಾದ ಮೇಲೆ ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿ. ಬಳಿಕ ಬೇರೆ ಫೋನಿನಲ್ಲಿ ಪ್ರತಿ ಖಾತೆಯ `Your devices` ಪಟ್ಟಿ ತೆರೆದು, ಮಾರಿದ ಫೋನು ಅಲ್ಲಿ ಇನ್ನೂ ಲಾಗಿನ್ ಆಗಿರುವಂತೆ ಕಂಡರೆ ಅಲ್ಲಿಂದಲೇ `Sign out` ಕೊಡಿ. ಅಪ್ಪನ ಖಾತೆಯಲ್ಲೂ ಇದನ್ನು ನೀವೇ ಮಾಡಬೇಕು.